ಹಳೇ ಫೋಟೋದ ಕಲೆ: ಬ್ರಷ್ ಹಿಡಿಯೋ ಮುಂಚೆ ಕೆಂಪು ಚಾನೆಲ್ ನೋಡಿ

ನಮ್ಮಜ್ಜಿಯ ಒಂದು ಸ್ಟುಡಿಯೋ ಫೋಟೋ. ಕಪ್ಪು-ಬಿಳುಪು, ಎದೆಮಟ್ಟದ್ದು. ಎಷ್ಟೋ ಮಳೆಗಾಲ ಅಟ್ಟದ ಟ್ರಂಕಿನಲ್ಲೇ ಇತ್ತು. ಭುಜದ ಮೇಲೆ ನೀರಿನ ಕಂದು ಕಲೆ, ಕೆನ್ನೆಯಲ್ಲಿ ಬೂಷ್ಟಿನ ಚುಕ್ಕೆ, ಹರಿದ ಮೂಲೆಗೆ ಯಾರೋ ಅಂಟಿಸಿದ್ದ ಟೇಪ್ ಉದುರಿ ಉಳಿದ ಹಳದಿ ಪಟ್ಟಿ. ಗಿಂಪ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಮೂರು ಸಲ ಮಾಡಿ ಕೆಡಿಸಿದ ಮೇಲೆ ಹಾದಿಗೆ ಬಂತು. ಮರೆಯೋ ಮುಂಚೆ ಬರೆದಿಡುತ್ತಿದ್ದೇನೆ.

ಸ್ಕ್ಯಾನ್ 600 ಡಿಪಿಐ, ಟಿಫ್ ಫೈಲ್. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ, ನೀರು ತಾಗಿದರೆ ಅದು ಮೆತ್ತಗಾಗಿ ಎದ್ದು ಬರಬಹುದು. ಟೇಪ್ ಇನ್ನೂ ಅಂಟಿಕೊಂಡಿದ್ದರೆ ಕೀಳಬೇಡಿ, ಹಾಗೇ ಸ್ಕ್ಯಾನ್ ಮಾಡಿ.

ನಾನು ಎಡವಿದ್ದು ಇಲ್ಲೇ. ಫೋಟೋ ಕಪ್ಪು-ಬಿಳುಪು ತಾನೇ ಅಂತ ಸ್ಕ್ಯಾನರ್‌ನಲ್ಲಿ ಗ್ರೇಸ್ಕೇಲ್ ಇಟ್ಟೆ. ದೊಡ್ಡ ತಪ್ಪು. ಫೋಟೋಗೆ ಬಣ್ಣ ಇಲ್ಲ ನಿಜ, ಆದರೆ ಕಲೆಗೆ ಇದೆ! ಆ ಬಣ್ಣವೇ ಕಲೆಯನ್ನು ಚಿತ್ರದಿಂದ ಬೇರೆ ಮಾಡುವ ಹಿಡಿ. ಗ್ರೇಸ್ಕೇಲ್ ಮಾಡಿದ ಕೂಡಲೇ ಹಳದಿ ಪಟ್ಟಿಯೂ ಬೂದು, ಸೀರೆಯ ನೆರಳೂ ಬೂದು. ಆಮೇಲೆ ಯಾವುದು ಯಾವುದು ಅಂತ ಸಾಫ್ಟ್‌ವೇರ್‌ಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ.

ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಸಿಗುತ್ತವೆ. ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುತ್ತದೆ. ಬಿಳಿ ಕಾಗದವೂ ಕೆಂಪನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಕೆಂಪು ಚಾನೆಲ್‌ನ ಕಣ್ಣಿಗೆ ಕಲೆಯೂ ಕಾಗದವೂ ಒಂದೇ. ನಾನು ಉಲ್ಟಾ ಯೋಚಿಸಿ ನೀಲಿ ಚಾನೆಲ್ ತೆಗೆದು ನೋಡಿದ್ದೆ. ಅಲ್ಲಿ ಟೇಪಿನ ಗುರುತು ಇದ್ದಿಲು ಬಳಿದ ಹಾಗೆ ಕಪ್ಪಗಿತ್ತು. ಕೆಂಪಿನಲ್ಲಿ ಪಟ್ಟಿಯೇ ಇಲ್ಲ, ಅದರ ಅಂಚಿಗೆ ಕೂತ ಧೂಳಿನ ಗೆರೆ ಮಾತ್ರ.

ಮಾಡುವುದು ಸುಲಭ. `Colors → Components → Mono Mixer` ತೆಗೆದು ಹೀಗೆ ಹಾಕಿ:

```
Red   1
Green 0
Blue  0
```

ಇಡೀ ಚಿತ್ರಕ್ಕೇ ಹಾಕಿ. ಕಲೆ ಇದ್ದಲ್ಲಿ ಮಾತ್ರ ಹಾಕಿದರೆ ತೇಪೆ ಹಚ್ಚಿದ ಹಾಗೆ ಕಾಣುತ್ತದೆ. ಕಂದು ಛಾಯೆಯ ಫೋಟೋ ಆದರೆ ಚಿತ್ರವೂ ಸ್ವಲ್ಪ ಪೇಲವ ಆಗುತ್ತದೆ. `Curves`ನಲ್ಲಿ ಕಪ್ಪನ್ನು ಎಳೆದುಕೊಳ್ಳಿ, ಛಾಯೆ ಬೇಕಿದ್ದರೆ ಕೊನೆಗೆ ಹಚ್ಚಿ.

ನೀರಿನ ಕಲೆ ಇಷ್ಟಕ್ಕೇ ಪೂರ್ತಿ ಹೋಗಲ್ಲ. ನೀರು ಒಣಗುತ್ತಾ ಕೊಳೆಯನ್ನೆಲ್ಲ ಅಂಚಿಗೆ ತಳ್ಳಿರುತ್ತದೆ. ಆ ಗೆರೆ ಮೂರೂ ಚಾನೆಲ್‌ನಲ್ಲಿ ಕಪ್ಪೇ. ಕಲೆಯ ಒಳಭಾಗ ಸ್ವಲ್ಪ ಮಬ್ಬು ಉಳಿದಿದ್ದರೆ ಸುತ್ತ ಆಯ್ಕೆ ಮಾಡಿ, ಅಂಚನ್ನು 20 ಪಿಕ್ಸೆಲ್‌ನಷ್ಟು ಮೆತ್ತಗೆ ಮಾಡಿ, `Curves`ನಿಂದ ತಿಳಿ ಮಾಡಿ. ಗೆರೆಗೆ ಮಾತ್ರ ಹೀಲಿಂಗ್ ಬ್ರಷ್. ಹೊಸ ಲೇಯರ್ ಮಾಡಿ, `Sample merged` ಹಾಕಿ, `Ctrl` ಒತ್ತಿ ಒಳ್ಳೇ ಜಾಗದ ಮೇಲೆ ಕ್ಲಿಕ್ ಮಾಡಿ ಶುರು ಮಾಡಿ.

ಈ ಬ್ರಷ್ ಕೂಡ ಒಂದು ರಾತ್ರಿ ನನ್ನನ್ನು ಆಟ ಆಡಿಸಿತು. ಎಷ್ಟು ಉಜ್ಜಿದರೂ ಚುಕ್ಕೆ ಮಸುಕಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಕಾರಣ ಇಷ್ಟೇ: ಹೀಲಿಂಗ್ ಚರ್ಮದ ಕಾಳುಕಾಳು ನಯವನ್ನು ಒಳ್ಳೇ ಜಾಗದಿಂದ ತರುತ್ತದೆ, ಎಷ್ಟು ಕಪ್ಪು ಎಷ್ಟು ಬಿಳುಪು ಅನ್ನುವುದನ್ನು ಬ್ರಷ್‌ನ ಅಂಚು ಎಲ್ಲಿ ಕೂತಿದೆಯೋ ಅಲ್ಲಿಂದ ಎತ್ತಿಕೊಳ್ಳುತ್ತದೆ. ನನ್ನ ಬ್ರಷ್ ಚುಕ್ಕೆಗಿಂತ ಚಿಕ್ಕದಿತ್ತು. ಅಂಚು ಕೂತಿದ್ದು ಕಲೆಯ ಮೇಲೇ! ಕಲೆಯ ಕಪ್ಪನ್ನೇ ಕಲೆಗೆ ತುಂಬುತ್ತಿದ್ದೆ. ಬ್ರಷ್ ಚುಕ್ಕೆಯನ್ನು ಪೂರ್ತಿ ಮುಚ್ಚಿ ಒಂಚೂರು ಹೊರಗೆ ಬರಬೇಕು. ಉಜ್ಜಬೇಡಿ, ಒಂದೇ ಸಲ ಒತ್ತಿ. ಇದೇ ಕಾರಣಕ್ಕೆ ಕೂದಲಿನ ಅಂಚಿನಲ್ಲಿ, ಸೀರೆಯ ಗಾಢ ಅಂಚಿನ ಹತ್ತಿರ ಹೀಲಿಂಗ್ ಮಸಿ ಕದಡಿದ ಹಾಗೆ ಮಾಡುತ್ತದೆ. ಅಲ್ಲಿ ಒಳ್ಳೇ ಜಾಗವನ್ನು ಇದ್ದ ಹಾಗೇ ನಕಲು ಮಾಡುವ ಕ್ಲೋನ್ ಬಳಸಿ.

ಕೆನ್ನೆಯ ಬೂಷ್ಟಿಗೂ ಇದೇ ವಿಧಾನ. ಮಾದರಿ ಜಾಗ ಮಾತ್ರ ಬೆಳಕು ಬಿದ್ದ ಅದೇ ಕೆನ್ನೆಯಿಂದ ತಗೊಳ್ಳಿ.

ಎಲ್ಲಾ ಮುಗಿಸಿ ಅಮ್ಮನಿಗೆ ತೋರಿಸಿದೆ. "ಚೆನ್ನಾಗಿದೆ ಕಣೋ, ಆದ್ರೆ ಅಜ್ಜಿ ಮಚ್ಚೆ ಎಲ್ಲೋಯ್ತು?" ಅಂದರು. ಮಚ್ಚೆಯೂ ಕೆಂಪು ಚಾನೆಲ್‌ನಲ್ಲಿ ಕಪ್ಪೇ ಅಲ್ವಾ, ಚುಕ್ಕೆ ಅಂತ ಅಳಿಸಿಬಿಟ್ಟಿದ್ದೆ. ಮೂಲ ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ತಿಳಿಯುತ್ತದೆ: ಬೂಷ್ಟು ಇದ್ದಲ್ಲಿ ಹೊಳಪು ಮುರಿದಿರುತ್ತದೆ, ಮಚ್ಚೆಯ ಮೇಲೆ ಹೊಳಪು ಹಾಗೇ ಹರಿಯುತ್ತದೆ. ಹೀಲಿಂಗ್ ಬೇರೆ ಲೇಯರ್‌ನಲ್ಲಿ ಇದ್ದದ್ದು ಪುಣ್ಯ. ಅಲ್ಲಿ ಅಷ್ಟು ಜಾಗ ಒರೆಸಿದೆ, ಮಚ್ಚೆ ವಾಪಸ್ ಬಂತು.