ಬಾಳೆಹಣ್ಣು ಬೆರ್ರಿನಾ? ಬಜ್ಜಿ ಬಾಳೆ ಬೇರೆ ಪ್ರಭೇದವಾ?

ಗುಬ್ಬಿ ಕಡೆ ತೆಂಗಿನ ತೋಟಗಳಿಗೆ ಹೋದಾಗ ಬಾಳೆ ಬಗ್ಗೆ ಎರಡು ಪ್ರಶ್ನೆ ಆಗಾಗ ಬರುತ್ತವೆ. ಮೊದಲನೆಯದು ಕಾಲೇಜಿಗೆ ಹೋಗುವ ಮಕ್ಕಳದ್ದು: "ಮೇಡಂ, ಬಾಳೆಹಣ್ಣು ಬೆರ್ರಿ ಅಂತೆ, ನಿಜಾನಾ?" ಎರಡನೆಯದು ಅವರ ಅಪ್ಪಂದಿರದ್ದು: "ಬಜ್ಜಿ ಬಾಳೆ ಗಿಡಾನೇ ಬೇರೆ ಅಲ್ವಾ ಮೇಡಂ?" ಎರಡಕ್ಕೂ ಉತ್ತರ ಒಂದೇ ಕಾಯಿ ಕೊಯ್ದರೆ ಸಿಗುತ್ತೆ, ಅದಕ್ಕೇ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಬೆರ್ರಿ. ಸಸ್ಯಶಾಸ್ತ್ರದಲ್ಲಿ ಬೆರ್ರಿ ಅಂದರೆ ಸಣ್ಣದು, ಗುಂಡಗಿರೋದು, ಹುಳಿ ಇರೋದು ಅಂತೇನೂ ಇಲ್ಲ. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು ಹಣ್ಣಾಗಿರಬೇಕು, ಅದರ ಗೋಡೆ ತಿರುಳಾಗಿ ಮೆತ್ತಗಿರಬೇಕು, ಮಧ್ಯೆ ಗಟ್ಟಿ ಓಟೆ ಇರಬಾರದು, ಬೀಜ ತಿರುಳಿನೊಳಗೇ ಕೂತಿರಬೇಕು. ಹಾಗೆ ನೋಡಿದರೆ ಕೋಲಾರದ ಟೊಮೆಟೊ ಬೆರ್ರಿ, ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆರ್ರಿ, ಬದನೆಕಾಯಿನೂ ಬೆರ್ರಿನೇ. ಮಾವು ಅಲ್ಲ, ಅದಕ್ಕೆ ಓಟೆ ಇದೆ. ತಿಪಟೂರಿನ ತೆಂಗಿನಕಾಯಿನೂ ಅಲ್ಲ, ಚಿಪ್ಪೇ ಅದರ ಓಟೆ. ಸ್ಟ್ರಾಬೆರಿಯಂತೂ ಹೆಸರಿಗಷ್ಟೇ. ಅದರಲ್ಲಿ ನಾವು ತಿನ್ನೋದು ಹೂವು ಕೂತಿದ್ದ ಪೀಠ ಊದಿಕೊಂಡಿದ್ದು, ಮೇಲೆ ಅಂಟಿರುವ ಕಾಳಿನಂಥವೇ ಅದರ ನಿಜವಾದ ಹಣ್ಣುಗಳು.

ಬಾಳೆ ಈ ಲೆಕ್ಕಕ್ಕೆ ಬರುತ್ತೆ. ಒಂದು ಹಣ್ಣು ಸುಲಿದು, ತುದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಉದ್ದಕ್ಕೆ ಮೂರು ಹೋಳಾಗುತ್ತೆ. ಅಂಡಾಶಯದಲ್ಲಿದ್ದ ಮೂರು ಕೋಣೆಗಳು ಅವು. ಇನ್ನೊಂದನ್ನು ಅಡ್ಡಕ್ಕೆ ಕೊಯ್ದರೆ ನಡುವೆ ಕಪ್ಪು ಚುಕ್ಕಿಗಳು ಕಾಣುತ್ತವೆ, ಬೀಜವಾಗದೆ ಉಳಿದವು. ನಾವು ಬೆಳೆಸುವ ಬಾಳೆಯಲ್ಲಿ ಪರಾಗಸ್ಪರ್ಶ ಆಗದಿದ್ದರೂ ತಿರುಳು ತುಂಬಿಕೊಳ್ಳುತ್ತೆ, ಬೀಜ ಮಾತ್ರ ಕಟ್ಟೋದಿಲ್ಲ. ಕಾಡುಬಾಳೆ ಕೊಯ್ದು ನೋಡಿದವರಿಗೆ ಗೊತ್ತು, ಅದರ ತುಂಬ ಕಲ್ಲಿನಂಥ ಕಪ್ಪು ಬೀಜ, ತಿರುಳು ಹೆಸರಿಗಷ್ಟೇ.

ಇಲ್ಲೊಂದು ತಕರಾರಿದೆ, ಪರೀಕ್ಷೆಗೆ ಓದೋರು ಗಮನಿಸಿ. ಟೊಮೆಟೊದಲ್ಲಿ ಹಸಿರು ಪುಷ್ಪಪತ್ರ ತೊಟ್ಟಿನ ಕಡೆ ಇರುತ್ತೆ, ಅಂದರೆ ಅಂಡಾಶಯ ಹೂವಿನ ಬೇರೆ ಭಾಗಗಳಿಗಿಂತ ಮೇಲಿತ್ತು. ಬಾಳೆಯಲ್ಲಿ ಉಲ್ಟಾ. ಒಣಗಿದ ಹೂವಿನ ಕರೀ ಗುರುತು ಕಾಯಿಯ ಇನ್ನೊಂದು ತುದಿಯಲ್ಲಿರುತ್ತೆ, ಅಂಡಾಶಯ ಹೂವಿನ ಕೆಳಗೇ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಹಾಗಾಗಿ ಸಿಪ್ಪೆಯಲ್ಲಿ ಅಂಡಾಶಯದ ಗೋಡೆಯ ಜೊತೆ ಹೂವಿನ ಪೀಠದ ಅಂಶವೂ ಸೇರಿಕೊಂಡಿದೆ. ಕಟ್ಟುನಿಟ್ಟಿನವರು ಇದನ್ನು ಹುಸಿ ಬೆರ್ರಿ ಅಂತಾರೆ. ನನ್ನ ಪ್ರಕಾರ ಬೆರ್ರಿ ಅಂತ ಬರೆದರೆ ತಪ್ಪಿಲ್ಲ, 'ಕೆಳ ಅಂಡಾಶಯದಿಂದ ಬಂದ ಬೆರ್ರಿ' ಅಂತ ಸೇರಿಸಿದರೆ ಯಾರೂ ಅಂಕ ಕತ್ತರಿಸೋಕಾಗಲ್ಲ.

ಈಗ ಅಪ್ಪಂದಿರ ಪ್ರಶ್ನೆ. ಬೇಯಿಸಿ ತಿನ್ನೋದು ಒಂದು ಪ್ರಭೇದ, ಹಣ್ಣಾಗಿ ತಿನ್ನೋದು ಇನ್ನೊಂದು ಅಂತ ಅಂದುಕೊಂಡವರು ನಮ್ಮ ರೈತರಷ್ಟೇ ಅಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೂಡ ಹಾಗೇ ಮಾಡಿದ್ದ. 1753ರಲ್ಲಿ ಅಡುಗೆ ಬಾಳೆಗೆ ಮ್ಯೂಸಾ ಪ್ಯಾರಡೈಸಿಯಾಕಾ ಅಂತ ಹೆಸರಿಟ್ಟ. 1759ರಲ್ಲಿ ಹಣ್ಣಿನ ಬಾಳೆಗೆ ಮ್ಯೂಸಾ ಸೇಪಿಯೆಂಟಮ್ ಅಂತ ಇನ್ನೊಂದು ಹೆಸರು ಕೊಟ್ಟ. ಸುಮಾರು ಇನ್ನೂರು ವರ್ಷ ಪುಸ್ತಕಗಳಲ್ಲಿ ಇದೇ ನಡೀತು. 1940ರ ದಶಕದ ಕೊನೆಯಲ್ಲಿ ಚೀಸ್‌ಮನ್ ಅನ್ನೋ ಸಸ್ಯವಿಜ್ಞಾನಿ ಇದನ್ನು ಬಿಡಿಸಿ ನೋಡಿದರು. ಎರಡೂ ಸ್ವತಂತ್ರ ಪ್ರಭೇದಗಳಲ್ಲ, ಎರಡೂ ಮಿಶ್ರತಳಿಗಳು ಅಂತ ಗೊತ್ತಾಯಿತು. ತಂದೆತಾಯಿ ಎರಡು ಕಾಡುಬಾಳೆಗಳು: ಮ್ಯೂಸಾ ಅಕ್ಯುಮಿನಾಟಾ, ಮ್ಯೂಸಾ ಬಾಲ್ಬಿಸಿಯಾನಾ. ಮೊದಲನೆಯದಕ್ಕೆ 'ಎ', ಎರಡನೆಯದಕ್ಕೆ 'ಬಿ' ಅಂತ ಗುರುತು.

ಮಜಾ ಏನಂದರೆ, ಲಿನೇಯಸ್ ಬೇರೆ ಮಾಡಿದ ಆ ಎರಡೂ ಎಎಬಿ, ಅಂದರೆ 'ಎ' ಕಡೆಯಿಂದ ಎರಡು ಪಾಲು, 'ಬಿ' ಕಡೆಯಿಂದ ಒಂದು. ಅವನ ಪ್ಯಾರಡೈಸಿಯಾಕಾ ನಮ್ಮ ನೇಂದ್ರ ಬಾಳೆಯ ಗುಂಪಿನದು. ಸೇಪಿಯೆಂಟಮ್ ನಮ್ಮ ರಸಬಾಳೆಯ ಗುಂಪಿನದು. ಒಂದು ಚಿಪ್ಸ್ ಅಂಗಡಿಗೆ ಹೋಗುತ್ತೆ, ಇನ್ನೊಂದು ಸಿಹಿಗೆ ಹೆಸರಾದದ್ದು, ಹುಟ್ಟಿನಲ್ಲಿ ಮಾತ್ರ ಇಷ್ಟು ಹತ್ತಿರ. ಬಜ್ಜಿಗೆ ಹಾಕೋ ನಮ್ಮ ಬೂದು ಬಾಳೆ ಇವೆರಡಕ್ಕೂ ಸೇರಿದ್ದಲ್ಲ, ಅದು ಎಬಿಬಿ. ಏಲಕ್ಕಿ ಬಾಳೆ ಎಬಿ. ಪಚ್ಚಬಾಳೆ ಪೂರ್ತಿ ಎಎಎ, ಅದರಲ್ಲಿ 'ಬಿ' ಪಾಲೇ ಇಲ್ಲ. ಅಂದರೆ ಅಡುಗೆಮನೆ ಮಾಡಿರೋ ವಿಂಗಡಣೆಗೂ ಹುಟ್ಟಿನ ವಿಂಗಡಣೆಗೂ ತಾಳೆಯಾಗಲ್ಲ. ನೇಂದ್ರ ಬೇಯಿಸೋಕೆ ಒಗ್ಗೋದು ಅದು ಬೇರೆ ಪ್ರಭೇದ ಅಂತಲ್ಲ, ಹಣ್ಣಾದ ಮೇಲೂ ಅದರ ಪಿಷ್ಟ ಪೂರ್ತಿ ಸಕ್ಕರೆಯಾಗದೆ ಒಂದಷ್ಟು ಉಳಿಯುತ್ತೆ ಅಂತ. ಈಗಿನ ಪುಸ್ತಕಗಳಲ್ಲಿ ಪ್ಯಾರಡೈಸಿಯಾಕಾ ಹೆಸರಿನ ಮುಂದೆ ಗುಣಾಕಾರದ ಚಿಹ್ನೆ ಇದ್ದರೆ ಅದು ಮಿಶ್ರತಳಿ ಅನ್ನೋ ಗುರುತು. ಪಚ್ಚಬಾಳೆಗೂ ಅದೇ ಹೆಸರು ಬರೆದಿದ್ದರೆ ಅದು ತಪ್ಪು.

ಈ ಎ, ಬಿ ಲೆಕ್ಕವನ್ನು ತೋಟದಲ್ಲಿ ನಿಂತು ಕಂಡುಹಿಡಿಯೋದು ಹೇಗೆ? 1955ರಲ್ಲಿ ಸಿಮಂಡ್ಸ್, ಶೆಫರ್ಡ್ ಅನ್ನೋ ಇಬ್ಬರು 15 ಲಕ್ಷಣಗಳ ಪಟ್ಟಿ ಮಾಡಿದರು. ಪ್ರತಿ ಲಕ್ಷಣಕ್ಕೂ ಅಕ್ಯುಮಿನಾಟಾ ಥರ ಇದ್ದರೆ 1, ಬಾಲ್ಬಿಸಿಯಾನಾ ಥರ ಇದ್ದರೆ 5, ನಡುವೆ ಇದ್ದರೆ ನಡುವಿನ ಅಂಕ. ಒಟ್ಟು 15 ಬಂದರೆ ಅಪ್ಪಟ ಅಕ್ಯುಮಿನಾಟಾ, 75 ಬಂದರೆ ಅಪ್ಪಟ ಬಾಲ್ಬಿಸಿಯಾನಾ. ಅವರ ಲೆಕ್ಕದಲ್ಲಿ ಎಎಬಿಗೆ 24ರಿಂದ 46, ಎಬಿಬಿಗೆ 59ರಿಂದ 63.

ಒಂದು ಬೂದು ಬಾಳೆ ಗಿಡ, ಪಕ್ಕದಲ್ಲಿ ಒಂದು ಪಚ್ಚಬಾಳೆ ಗಿಡ ಇಟ್ಟುಕೊಂಡು ನೋಡೋಣ. ಎಲೆ ತೊಟ್ಟಿನ ಮೇಲಿನ ಕಾಲುವೆ ನೋಡಿ. ಪಚ್ಚಬಾಳೆಯಲ್ಲಿ ಅಂಚುಗಳು ಅಗಲವಾಗಿ ತೆರೆದಿರುತ್ತವೆ, ಬೂದು ಬಾಳೆಯಲ್ಲಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ ಬರುತ್ತವೆ. ಆಮೇಲೆ ಕಾಂಡ. ಪಚ್ಚಬಾಳೆಯಲ್ಲಿ ಕಪ್ಪು ಕಂದು ಮಚ್ಚೆ ಜಾಸ್ತಿ, ಬೂದು ಬಾಳೆಯದು ಹೆಚ್ಚುಕಮ್ಮಿ ಬರೀ ಹಸಿರು. ಗೊನೆಯ ತುದಿಯ ಹೂವಿನ ಮೂತಿಯನ್ನು ನೋಡೋದು ಇನ್ನೂ ಸುಲಭ. ಅದರ ಕೆಂಪು ಎಸಳು ತೆರೆದಾಗ ಹಿಂದಕ್ಕೆ ಸುರುಳಿ ಸುತ್ತಿಕೊಂಡರೆ 'ಎ' ಕಡೆ ವಾಲಿದೆ, ಸುಮ್ನೆ ಮೇಲೆದ್ದು ಸುರುಳಿಯಾಗದೆ ನಿಂತರೆ 'ಬಿ' ಕಡೆ. ಎಸಳಿನ ತುದಿ ಚೂಪಾಗಿದ್ದರೆ 'ಎ', ಮೊಂಡಾಗಿದ್ದರೆ 'ಬಿ'.

ಮೇಲೆ ಹೇಳಿದ ಚುಕ್ಕಿಗಳೂ ಈ ಪಟ್ಟಿಯಲ್ಲಿವೆ. ಎಳೆ ಕಾಯಿ ಕೊಯ್ದು ಒಂದು ಕೋಣೆ ನೋಡಿದರೆ, ಅಕ್ಯುಮಿನಾಟಾದಲ್ಲಿ ಚುಕ್ಕಿಗಳು ಎರಡು ಸಾಲಾಗಿ ನೀಟಾಗಿರುತ್ತವೆ, ಬಾಲ್ಬಿಸಿಯಾನಾದಲ್ಲಿ ನಾಲ್ಕು ಸಾಲು, ಸ್ವಲ್ಪ ಅಡ್ಡಾದಿಡ್ಡಿ.

ಈ ಅಂಕ ಹಾಕೋ ವಿಧಾನಕ್ಕೆ ಮಿತಿಗಳಿವೆ. ಅದು ತಂದೆತಾಯಿಯ ಪಾಲು ಹೇಳುತ್ತೆ, ತಳಿ ಯಾವುದು ಅಂತ ಹೇಳಲ್ಲ. ನೇಂದ್ರ, ರಸಬಾಳೆ ಎರಡೂ ಒಂದೇ ಗುಂಪಿಗೆ ಬೀಳುತ್ತವೆ, ಕಾಯಿಯ ಆಕಾರ ನೋಡಿಯೇ ಬೇರೆ ಮಾಡಬೇಕು. ಕಂದು ಕೊಳ್ಳುವಾಗಂತೂ ಈ 15ರಲ್ಲಿ ಬಹುಪಾಲು ಕಾಣಿಸೋದೇ ಇಲ್ಲ, ಹೂವು ಬರಬೇಕು. ಹಾಗಾಗಿ ತೋಟದಲ್ಲಿ ಯಾವುದೋ ಗಿಡದ ಮೇಲೆ ಅನುಮಾನ ಇದ್ದರೆ, ಗೊನೆ ಕಟ್ಟಿತು ಅಂತ ಮೂತಿ ಕೊಯ್ದು ಬಿಸಾಡೋಕೆ ಮುಂಚೆ ಎರಡು ಎಸಳು ಬಿಚ್ಚಿ ನೋಡಿ, ಇಲ್ಲಾಂದ್ರೆ ಫೋಟೋ ತೆಗೆದು ಇಟ್ಟುಕೊಳ್ಳಿ.