ಶಕ್ತಿ ಎಲ್ಲಿ ಹೋಯಿತು? ಸಿಲ್ವರ್ ಸ್ಪ್ರಿಂಗ್ಸ್ ಚಿತ್ರ ಇಟ್ಟುಕೊಂಡು ಪಿರಮಿಡ್ ಲೆಕ್ಕ

ಆಹಾರ ಸರಪಳಿಯ ಚಿತ್ರ ಕೊಟ್ಟು "ಎರಡನೇ ಸ್ತರದಿಂದ ಮೂರನೇ ಸ್ತರಕ್ಕೆ ಹೋಗುವಾಗ ಶೇಕಡ ಎಷ್ಟು ಶಕ್ತಿ ನಷ್ಟವಾಯಿತು?" ಅಂತ ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಚಿತ್ರವನ್ನು ನೋಡುವುದೇ ಇಲ್ಲ. ಒಂದು ಸ್ತರದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಮುಂದಿನ ಸ್ತರಕ್ಕೆ ಹೋಗುತ್ತದೆ ಅನ್ನುವ ಶೇ. 10ರ ನಿಯಮ ನೆನಪಿದೆ, 90 ಅಂತ ಬರೆದು ಮುಂದೆ ಹೋಗುತ್ತೇವೆ. ಚಿತ್ರದಲ್ಲಿ ಸಂಖ್ಯೆಗಳೇ ಇಲ್ಲದಿದ್ದರೆ ಅದು ಸರಿ. ಸಂಖ್ಯೆ ಕೊಟ್ಟಿದ್ದರೆ ಆ ಸಂಖ್ಯೆಗಳಿಂದಲೇ ಉತ್ತರ ಬರಬೇಕು. ಆಗ ಕಷ್ಟ ಇರುವುದು ಭಾಗಾಕಾರದಲ್ಲಿ ಅಲ್ಲ, ಯಾವ ಸಂಖ್ಯೆ ಏನನ್ನು ಹೇಳುತ್ತಿದೆ ಅಂತ ಗುರುತಿಸುವುದರಲ್ಲಿ.

ಮೊದಲು ಒಂದು ಹುಳು ನೋಡೋಣ. ಮನೆಯ ಕರಿಬೇವಿನ ಗಿಡದಲ್ಲಿ ಚಿಟ್ಟೆಯ ಹಸಿರು ಹುಳು ಕೂತಿರುವುದನ್ನು ನೋಡಿರುತ್ತೀರಿ. ಒಂದೆರಡು ದಿನದಲ್ಲಿ ಕೊಂಬೆಯೇ ಬೋಳು. ಗಿಡದ ಬುಡ ನೋಡಿದರೆ ಕಪ್ಪು ಹಿಕ್ಕೆಗಳು ಸಾಸಿವೆಯ ಹಾಗೆ ಉದುರಿರುತ್ತವೆ. ಆ ಹಿಕ್ಕೆಯಲ್ಲೂ ಎಲೆಯ ಶಕ್ತಿ ಇದೆ. ಹುಳು ತಿಂದಿದೆ, ಆದರೆ ಅದರ ಮೈಗೆ ಹತ್ತಿಲ್ಲ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಹುಳು 400 ಜೂಲ್‌ನಷ್ಟು ಎಲೆ ತಿಂದಿತು. ಹಿಕ್ಕೆಯಲ್ಲಿ 220 ಹೋಯಿತು. ಉಳಿದ 180 ಮೈಗೆ ಹತ್ತಿತು. ಅದರಲ್ಲಿ 120 ಉಸಿರಾಟಕ್ಕೆ ಖರ್ಚಾಗಿ ಶಾಖವಾಗಿ ಹೊರಟುಹೋಯಿತು. ಹುಳುವಿನ ಬೆಳವಣಿಗೆಗೆ ಸಿಕ್ಕಿದ್ದು 60. ಹಕ್ಕಿ ಬಂದು ಈ ಹುಳುವನ್ನು ಕೊಕ್ಕಿಗೆ ಹಾಕಿಕೊಂಡರೆ ಅದಕ್ಕೆ ಸಿಗುವುದು ಈ 60 ಮಾತ್ರ.

ಈಗ 400, 180, 60 ಮೂರೂ ಹುಳುವಿನ ಸಂಖ್ಯೆಗಳೇ. ಒಂದು ತಿಂದದ್ದು, ಒಂದು ಮೈಗೆ ಹತ್ತಿದ್ದು, ಒಂದು ಬೆಳೆದದ್ದು. ಪ್ರಶ್ನೆಪತ್ರಿಕೆಯ ಪೆಟ್ಟಿಗೆಯಲ್ಲಿ ಈ ಮೂರರಲ್ಲಿ ಯಾವುದು ಬರೆದಿದೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಹಿಕ್ಕೆಗೂ ಉಸಿರಾಟಕ್ಕೂ ಇನ್ನೊಂದು ವ್ಯತ್ಯಾಸವಿದೆ. ಹಿಕ್ಕೆಯಲ್ಲಿ ಹೋದ 220 ಕಾಣೆಯಾಗಿಲ್ಲ, ವಿಘಟಕಗಳ ಪಾಲಾಗಿದೆ. ಉಸಿರಾಟದ 120 ಶಾಖವಾಯಿತು, ಅದನ್ನು ಯಾವ ಜೀವಿಯೂ ಮತ್ತೆ ಆಹಾರವಾಗಿ ಬಳಸಲಾರದು. "ಪರಿಸರ ವ್ಯವಸ್ಥೆಯಿಂದ ನಷ್ಟವಾದ ಶಕ್ತಿ" ಅಂತ ಕೇಳಿದರೆ 120. "ಮುಂದಿನ ಸ್ತರಕ್ಕೆ ಸಿಗದ ಶಕ್ತಿ" ಅಂತ ಕೇಳಿದರೆ 220 ಮತ್ತು 120 ಎರಡೂ ಸೇರಿ 340. ಪದ ಒಂದು ಬದಲಾದರೆ ಉತ್ತರವೇ ಬೇರೆ.

ಇದನ್ನು ನಿಜವಾದ ಅಳತೆಗಳಲ್ಲಿ ನೋಡಬೇಕಾದರೆ ಸಿಲ್ವರ್ ಸ್ಪ್ರಿಂಗ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ನೆಲದಿಂದ ಉಕ್ಕುವ ತಿಳಿನೀರಿನ ಬುಗ್ಗೆ ಅದು. ಹೊವಾರ್ಡ್ ಟಿ. ಓಡಮ್ ಅಲ್ಲಿನ ಶಕ್ತಿಯ ಜಮಾ-ಖರ್ಚು ಲೆಕ್ಕ ಹಾಕಿ 1957ರಲ್ಲಿ ಪ್ರಕಟಿಸಿದರು. ನಮ್ಮ ಎಷ್ಟೋ ಚಿತ್ರ-ಪ್ರಶ್ನೆಗಳಲ್ಲಿ ಬರುವ ಸಂಖ್ಯೆಗಳ ಮೂಲ ಇದೇ. ಎಲ್ಲವೂ ಒಂದು ಚದರ ಮೀಟರಿಗೆ, ಒಂದು ವರ್ಷಕ್ಕೆ, ಕಿಲೋಕ್ಯಾಲೊರಿಯಲ್ಲಿ.

ನೀರಿನ ಗಿಡಗಳು ಮತ್ತು ಪಾಚಿ ದ್ಯುತಿಸಂಶ್ಲೇಷಣೆಯಿಂದ ಕಟ್ಟಿದ ಒಟ್ಟು ಆಹಾರ 20,810. ಅದರಲ್ಲಿ 11,977 ಗಿಡಗಳ ಉಸಿರಾಟಕ್ಕೇ ಹೋಯಿತು. ಗಿಡವೂ ಉಸಿರಾಡುತ್ತದೆ ಅನ್ನುವುದನ್ನು ಮರೆಯುವವರು ಜಾಸ್ತಿ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಖರ್ಚಾಗಿದೆ. ಉಳಿದದ್ದು 8,833. ಇದೇ ನಿವ್ವಳ ಉತ್ಪಾದನೆ. ನಿವ್ವಳಕ್ಕೆ NPP, ಒಟ್ಟಿಗೆ GPP, ಉಸಿರಾಟಕ್ಕೆ R ಅಂತ ಬರೆಯುವ ಸೂತ್ರ ನಿಮಗೆ ಗೊತ್ತೇ ಇದೆ:

NPP = GPP − R

ಸಸ್ಯಾಹಾರಿಗಳ ಮೈಗೆ ಹತ್ತಿದ್ದು 3,368. ಉಸಿರಾಟ 1,890. ಬೆಳವಣಿಗೆಗೆ ಉಳಿದದ್ದು 1,478. ಅವುಗಳನ್ನು ತಿನ್ನುವ ಮಾಂಸಾಹಾರಿಗಳಿಗೆ ಬಂದದ್ದು 383, ಉಸಿರಾಟ 316, ಉಳಿಕೆ 67. ಕೊನೆಯ ಸ್ತರದ ದೊಡ್ಡ ಮೀನುಗಳಿಗೆ ಬಂದದ್ದು 21, ಅದರಲ್ಲಿ 13 ಉಸಿರಾಟಕ್ಕೆ.

ಒಂದು ಹಾಳೆ ತೆಗೆದುಕೊಂಡು ನಾಲ್ಕು ಪೆಟ್ಟಿಗೆ ಬರೆಯಿರಿ. ಬಂದದ್ದನ್ನು ಎಡಕ್ಕೆ, ಉಸಿರಾಟವನ್ನು ಮೇಲಿನ ಬಾಣಕ್ಕೆ, ಉಳಿಕೆಯನ್ನು ಪೆಟ್ಟಿಗೆಯ ಒಳಗೆ ಹಾಕಿ. ಹಾಕಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಗಿಡಗಳಲ್ಲಿ ಉಳಿದದ್ದು 8,833, ಸಸ್ಯಾಹಾರಿಗಳ ಮೈಗೆ ಹತ್ತಿದ್ದು 3,368. ನಡುವಿನ 5,465 ಎಲ್ಲಿ ಹೋಯಿತು? ಅದು ಯಾರೂ ತಿನ್ನದೆ ಸತ್ತು ಬಿದ್ದ ಎಲೆ, ತಿಂದರೂ ಜೀರ್ಣವಾಗದೆ ಹೊರಬಿದ್ದ ಹಿಕ್ಕೆ. ವಿಘಟಕಗಳಿಗೆ ಒಂದಿಷ್ಟು, ಹರಿಯುವ ನೀರಿನ ಜೊತೆ ಕೆಳಕ್ಕೆ ಹೋದದ್ದು ಒಂದಿಷ್ಟು. ವಿಘಟಕಗಳಿಗೆ ಒಟ್ಟು ಸೇರಿದ್ದು 5,060. ಸಸ್ಯಾಹಾರಿಗಳಿಗಿಂತ ಅವುಗಳ ಪಾಲೇ ದೊಡ್ಡದು ಅಲ್ವಾ? ಪಿರಮಿಡ್ ಚಿತ್ರದಲ್ಲಿ ಅವಕ್ಕೆ ಮೆಟ್ಟಿಲೇ ಇರುವುದಿಲ್ಲ, ಹಾಗಾಗಿ ನಮ್ಮ ತಲೆಯಿಂದಲೂ ಬಿಟ್ಟುಹೋಗುತ್ತವೆ.

ಈ ಲೆಕ್ಕ ಸರಿಯಿದೆಯಾ ಅಂತ ತಾಳೆ ನೋಡಬಹುದು. ನನಗೆ ಇಡೀ ಅಧ್ಯಾಯದಲ್ಲಿ ತುಂಬಾ ಹಿಡಿಸಿದ ಭಾಗ ಇದು. ಎಲ್ಲರ ಉಸಿರಾಟ ಕೂಡಿಸಿ: 11,977, 1,890, 316, 13, ಜೊತೆಗೆ ವಿಘಟಕಗಳ 4,600. ಮೊತ್ತ 18,796. ನೀರಿನ ಜೊತೆ ಹೊರಗೆ ಹರಿದದ್ದು 2,500. ಖರ್ಚು ಒಟ್ಟು 21,296. ಜಮಾ ಕಡೆ ಗಿಡಗಳ 20,810 ಇದೆ. 486 ಕಡಿಮೆ ಬೀಳುತ್ತದೆ. ಆ 486 ಹೊರಗಿನಿಂದ ಬಂದದ್ದು. ಅದರಲ್ಲಿ ಮುಖ್ಯವಾದದ್ದು ಪ್ರವಾಸಿಗರು ಮೀನಿಗೆ ಎಸೆಯುತ್ತಿದ್ದ ಬ್ರೆಡ್! ಅದನ್ನು ಸೇರಿಸಿದರೆ ಎರಡೂ ಕಡೆ 21,296. ಶಕ್ತಿ ಎಲ್ಲೂ ಮಾಯವಾಗಿಲ್ಲ. ಚಿತ್ರದಲ್ಲಿ ಒಂದು ಸಂಖ್ಯೆ ಬಿಟ್ಟು "X ಎಷ್ಟು?" ಅಂತ ಕೇಳಿದಾಗಲೂ ಇದೇ ದಾರಿ. ಆ ಪೆಟ್ಟಿಗೆಗೆ ಬಂದದ್ದೆಲ್ಲ ಒಂದು ಕಡೆ, ಹೋದದ್ದೆಲ್ಲ ಇನ್ನೊಂದು ಕಡೆ. ಎರಡೂ ಸಮ.

ಈಗ ಶೇಕಡ ಲೆಕ್ಕ. ಉಳಿಕೆಯಿಂದ ಉಳಿಕೆಗೆ ನೋಡಿದರೆ ಗಿಡದಿಂದ ಸಸ್ಯಾಹಾರಿಗೆ 1,478 ÷ 8,833, ಅಂದರೆ ಸುಮಾರು ಶೇ. 16.7. ಸಸ್ಯಾಹಾರಿಯಿಂದ ಮಾಂಸಾಹಾರಿಗೆ 67 ÷ 1,478, ಸುಮಾರು ಶೇ. 4.5. ಬಂದದ್ದರಿಂದ ಬಂದದ್ದಕ್ಕೆ ನೋಡಿದರೆ ಎರಡನೆಯದು 383 ÷ 3,368, ಸುಮಾರು ಶೇ. 11.4. ಒಂದೇ ಜಾಗ, ಅದೇ ಎರಡು ಸ್ತರ, ಉತ್ತರ ಮಾತ್ರ 4.5 ಮತ್ತು 11.4. ಎರಡೂ ತಪ್ಪಲ್ಲ. ತಪ್ಪಾಗುವುದು ಮೇಲೆ 67 ಇಟ್ಟು ಕೆಳಗೆ 3,368 ಇಟ್ಟಾಗ. ಉಳಿಕೆಯನ್ನು ಉಳಿಕೆಯ ಜೊತೆ, ಬಂದದ್ದನ್ನು ಬಂದದ್ದರ ಜೊತೆ ಹೋಲಿಸಬೇಕು. ನಷ್ಟ ಕೇಳಿದ್ದರೆ 100ರಿಂದ ಕಳೆಯಿರಿ. ಎಷ್ಟೋ ಸಲ ಲೆಕ್ಕವೆಲ್ಲ ಸರಿ ಮಾಡಿ ಈ ಕೊನೆಯ ಹೆಜ್ಜೆಯಲ್ಲಿ ಅಂಕ ಹೋಗುತ್ತದೆ: ಕೇಳಿದ್ದು ನಷ್ಟ, ಬರೆದದ್ದು ವರ್ಗಾವಣೆ.

ಹಾಗಾದರೆ ಶೇ. 10 ಎಲ್ಲಿಂದ ಬಂತು? ರೇಮಂಡ್ ಲಿಂಡೆಮನ್ 1942ರಲ್ಲಿ ಮಿನ್ನೆಸೋಟದ ಸೀಡರ್ ಬಾಗ್ ಕೆರೆಯ ಬಗ್ಗೆ ಬರೆದ ಲೇಖನಕ್ಕೆ ಅದರ ಬೇರು ಹೋಗುತ್ತದೆ. ಅವರಿಗೂ ಸರಿಯಾಗಿ 10 ಸಿಕ್ಕಿರಲಿಲ್ಲ. ಸಸ್ಯಾಹಾರಿಗಳಿಗೆ ಶೇ. 13.3, ಮುಂದಿನ ಸ್ತರಕ್ಕೆ ಶೇ. 22.3 ಬಂದಿತ್ತು. 10 ಅನ್ನುವುದು ಒಂದು ಅಂದಾಜು. ಸಂಖ್ಯೆ ಕೊಡದ ಪ್ರಶ್ನೆಗೆ ಮಾತ್ರ ಅದನ್ನು ಬಳಸಿ.

ಅಂಥದ್ದೊಂದು ಪ್ರಶ್ನೆ: ಭತ್ತ → ಇಲಿ → ಹಾವು → ಹದ್ದು. ಹದ್ದಿಗೆ 20 ಜೂಲ್ ಸಿಕ್ಕಿದ್ದರೆ ಭತ್ತದಲ್ಲಿ ಎಷ್ಟಿತ್ತು? ಇಲ್ಲಿ ಹೆಸರುಗಳನ್ನು ಎಣಿಸಬೇಡಿ, ಬಾಣಗಳನ್ನು ಎಣಿಸಿ. ಹೆಸರು ನಾಲ್ಕು, ಬಾಣ ಮೂರು. ಮೂರು ಸಲ 10ರಿಂದ ಗುಣಿಸಿದರೆ 20,000 ಜೂಲ್. ಹೆಸರು ಎಣಿಸಿದವರಿಗೆ 2,00,000 ಬರುತ್ತದೆ, ಆಯ್ಕೆಗಳಲ್ಲಿ ಅದೂ ಕಾಯುತ್ತಾ ಕೂತಿರುತ್ತದೆ. ಸೂರ್ಯನಿಂದ ಬಿದ್ದದ್ದು ಎಷ್ಟು ಅಂತ ಮುಂದೆ ಕೇಳಿದರೆ ಅಲ್ಲಿ ಶೇ. 10 ನಡೆಯುವುದಿಲ್ಲ. ಪಠ್ಯದಲ್ಲಿ ಗಿಡ ಹಿಡಿಯುವುದು ಸುಮಾರು ಶೇ. 1 ಅಂತ ಇದೆ, ಆ ಲೆಕ್ಕಕ್ಕೆ 20,00,000 ಜೂಲ್. ಸಿಲ್ವರ್ ಸ್ಪ್ರಿಂಗ್ಸ್‌ನಲ್ಲೂ ಬಿದ್ದ ಬಿಸಿಲು 17,00,000, ಗಿಡಗಳು ಕಟ್ಟಿದ್ದು 20,810. ಶೇ. 1.2ರ ಹತ್ತಿರ.

ಇನ್ನು ಪಿರಮಿಡ್. ಶಕ್ತಿಯ ಪಿರಮಿಡ್ಡನ್ನು ಅಳತೆಗೆ ಸರಿಯಾಗಿ ಬಿಡಿಸಲು ಒಮ್ಮೆ ಕೂತು ನೋಡಿ. 1,000 ಕಿಲೋಕ್ಯಾಲೊರಿಗೆ 1 ಸೆಂ.ಮೀ. ಇಟ್ಟರೆ ಗಿಡಗಳ ಪಟ್ಟಿ ಸುಮಾರು 21 ಸೆಂ.ಮೀ., ಹಾಳೆಯ ಪೂರಾ ಅಗಲ. ಸಸ್ಯಾಹಾರಿಗೆ 3.4 ಸೆಂ.ಮೀ. ಮಾಂಸಾಹಾರಿಗೆ 4 ಮಿ.ಮೀ. ದೊಡ್ಡ ಮೀನಿಗೆ 0.2 ಮಿ.ಮೀ., ಪೆನ್ಸಿಲ್ ಗೆರೆಗಿಂತ ತೆಳ್ಳಗೆ. ಪುಸ್ತಕದಲ್ಲಿ ಕಾಣುವ ಚೆಂದದ ತ್ರಿಕೋನ ಅಳತೆಗೆ ಬಿಡಿಸಿದ್ದಲ್ಲ. ಐದನೇ ಸ್ತರ ಯಾಕೆ ಕಷ್ಟ ಅಂತಲೂ ಈ ಗೆರೆಯೇ ತೋರಿಸುತ್ತದೆ. 21ರಲ್ಲಿ 13 ಉಸಿರಾಟಕ್ಕೆ ಹೋದ ಮೇಲೆ ಉಳಿಯುವ 8ನ್ನು ನಂಬಿ ಇನ್ನೊಂದು ಬೇಟೆ ಪ್ರಾಣಿ ಬದುಕಬೇಕಾಗುತ್ತದೆ.

ತಲೆಕೆಳಗಾದ ಪಿರಮಿಡ್ ಕೊಟ್ಟಾಗ ಮೊದಲು ಮಾನ ನೋಡಿ. ಚದರ ಮೀಟರಿಗೆ ಗ್ರಾಂ ಅಂತ ಮಾತ್ರ ಇದ್ದರೆ ಅದು ಬಯೋಮಾಸ್, ಆ ಹೊತ್ತಿಗೆ ತೂಗಿದಾಗ ಸಿಕ್ಕ ಒಣತೂಕ. ಜೊತೆಗೆ "ವರ್ಷಕ್ಕೆ" ಅಂತ ಇದ್ದು ಶಕ್ತಿಯ ಮಾನ ಇದ್ದರೆ ಅದು ಶಕ್ತಿಯ ಪಿರಮಿಡ್. ಇಂಗ್ಲಿಷ್ ಕಾಲುವೆಯ ಸಮುದ್ರದಲ್ಲಿ ತೇಲುವ ಸಸ್ಯಕಣಗಳ ಬಯೋಮಾಸ್ 4 ಗ್ರಾಂ, ಅವನ್ನು ತಿನ್ನುವ ಪ್ರಾಣಿಗಳದ್ದು 21 ಗ್ರಾಂ. ಇದು ಹೇಗೆ ಸಾಧ್ಯ? ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಯೋಚಿಸಿ. ಸಂಜೆ ತೆಗೆದು ನೋಡಿದರೆ ಅದರಲ್ಲಿ ಐನೂರು ರೂಪಾಯಿ ಇರಬಹುದು, ಆದರೆ ದಿನವಿಡೀ ಅದರ ಮೂಲಕ ಹತ್ತು ಸಾವಿರ ಓಡಾಡಿರುತ್ತದೆ. ಸಸ್ಯಕಣಗಳು ಬೇಗ ಬೇಗ ಇಮ್ಮಡಿಯಾಗುತ್ತವೆ, ಅಷ್ಟೇ ಬೇಗ ತಿಂದು ಮುಗಿಯುತ್ತವೆ. ತೂಗಿದಾಗ ಕಾಣುವುದು ಗಲ್ಲಾದಲ್ಲಿ ಆ ಕ್ಷಣಕ್ಕಿರುವ 4 ಗ್ರಾಂ. ವರ್ಷವಿಡೀ ಅವು ಕಟ್ಟಿದ ಶಕ್ತಿ ಲೆಕ್ಕ ಹಾಕಿದರೆ ಕೆಳಗಿನ ಪಟ್ಟಿಯೇ ಅಗಲ.

ಅದಕ್ಕೇ ಶಕ್ತಿಯ ಪಿರಮಿಡ್ ಯಾವತ್ತೂ ತಲೆಕೆಳಗಾಗುವುದಿಲ್ಲ. "ಕಾರಣ ಕೊಡಿ" ಅಂದಾಗ ಸುಮ್ನೆ "ಶೇ. 10ರ ನಿಯಮದಿಂದ" ಅಂತ ಬರೆಯಬೇಡಿ. ಪ್ರತಿ ಸ್ತರವೂ ತನಗೆ ಬಂದದ್ದರಲ್ಲಿ ಒಂದು ಪಾಲನ್ನು ಉಸಿರಾಟದಲ್ಲಿ ಶಾಖವಾಗಿ ಕಳೆದುಕೊಳ್ಳುತ್ತದೆ, ಉಳಿದದ್ದನ್ನೂ ಮುಂದಿನ ಸ್ತರ ಪೂರ್ತಿ ತಿನ್ನುವುದಿಲ್ಲ, ತಿಂದದ್ದೂ ಪೂರ್ತಿ ಜೀರ್ಣವಾಗುವುದಿಲ್ಲ ಅಂತ ಬರೆಯಿರಿ. ಪಕ್ಕದಲ್ಲಿ ಚಿತ್ರದಿಂದಲೇ ಒಂದು ಸಾಲು ಸೇರಿಸಿ: 3,368 ಬಂತು, 1,890 ಶಾಖವಾಯಿತು, ಮುಂದಕ್ಕೆ ಹೋದದ್ದು 383.