ಬೆಲೆಯೂ ಪ್ರಮಾಣವೂ ಒಟ್ಟಿಗೇ ಬದಲಾದಾಗ: ಅಗಸೆ ಬೀಜದ ಒಂದು ಲೆಕ್ಕ

ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ 1914ರ ಪುಸ್ತಕವೊಂದರಲ್ಲಿ ಬೇಡಿಕೆಯ ರೇಖೆಗಳನ್ನು ಅಂಕಿಅಂಶಗಳಿಂದ ಎಳೆದು ತೋರಿಸಿದರು. ಮೆಕ್ಕೆಜೋಳ, ಆಲೂಗಡ್ಡೆಯಂಥ ಬೆಳೆಗಳಲ್ಲಿ ನಿರೀಕ್ಷೆಯಂತೆ ಬೆಲೆ ಏರಿದಾಗ ಪ್ರಮಾಣ ಇಳಿದಿತ್ತು. ಬೀಡು ಕಬ್ಬಿಣದ ರೇಖೆ ಮಾತ್ರ ಮೇಲ್ಮುಖವಾಗಿತ್ತು. ಮೂರ್ ಅದನ್ನು ಹೊಸ ಬಗೆಯ ಬೇಡಿಕೆಯ ನಿಯಮವೆಂದೇ ಮಂಡಿಸಿದರು.

ಮರುವರ್ಷ ಆ ಪುಸ್ತಕವನ್ನು ವಿಮರ್ಶಿಸಿದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಇದನ್ನು ಒಪ್ಪಲಿಲ್ಲ. ನಮ್ಮ ಕೈಗೆ ಸಿಗುವ ಪ್ರತಿಯೊಂದು ಬೆಲೆ ಮತ್ತು ಪ್ರಮಾಣದ ಜೋಡಿಯೂ ಬೇಡಿಕೆ, ಪೂರೈಕೆಗಳೆರಡೂ ಸಂಧಿಸಿದ ಬಿಂದು. ಬೆಳೆಗಳಲ್ಲಿ ಮಳೆ ಬಿಸಿಲಿನಿಂದ ಪೂರೈಕೆ ಅತ್ತಿತ್ತ ಓಲಾಡುತ್ತದೆ, ಬೇಡಿಕೆ ಹೆಚ್ಚು ಕಡಿಮೆ ನಿಂತಲ್ಲೇ ಇರುತ್ತದೆ. ಹಾಗಾಗಿ ಬಿಂದುಗಳು ಬೇಡಿಕೆಯ ರೇಖೆಯ ಮೇಲೆಯೇ ಸಾಲುಗಟ್ಟುತ್ತವೆ. ಕಬ್ಬಿಣದಲ್ಲಿ ಓಲಾಡುವುದು ಉದ್ಯಮದ ಏರಿಳಿತಕ್ಕೆ ಸಿಕ್ಕ ಬೇಡಿಕೆ. ಮೂರ್ ಎಳೆದದ್ದು ಬಹುಪಾಲು ಪೂರೈಕೆಯ ರೇಖೆಯನ್ನೇ.

ಸಂಖ್ಯೆಗಳಲ್ಲಿ ನೋಡಿದರೆ ಈ ಮಾತಿನ ತೀಕ್ಷ್ಣತೆ ತಿಳಿಯುತ್ತದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ −0.8, ಪೂರೈಕೆಯದು 2.4 ಎಂದಿಟ್ಟುಕೊಳ್ಳೋಣ. ಎಂದರೆ ಬೆಲೆ ಶೇ. 1ರಷ್ಟು ಏರಿದರೆ ಕೊಳ್ಳುವವರು ಶೇ. 0.8ರಷ್ಟು ಕಡಿಮೆ ಕೊಳ್ಳುತ್ತಾರೆ, ಮಾರುವವರು ಶೇ. 2.4ರಷ್ಟು ಹೆಚ್ಚು ತರುತ್ತಾರೆ. ರೇಖೆಗಳನ್ನು ಹೊರಗಿನಿಂದ ಅಲುಗಾಡಿಸುವ ಎರಡೂ ಕಡೆಯ ಆಘಾತಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಂದರೆ, ಪ್ರಮಾಣವನ್ನು ಬೆಲೆಯ ಮೇಲೆ ಇಟ್ಟು ಮಾಡುವ ಸಾಮಾನ್ಯ ರಿಗ್ರೆಷನ್, ಎಂದರೆ ಬಿಂದುಗಳಿಗೆ ಹೊಂದುವ ಸರಳರೇಖೆ ಎಳೆಯುವ ಲೆಕ್ಕ, ಕೊಡುವುದು ಈ ಎರಡು ಸಂಖ್ಯೆಗಳ ತೂಕದ ಸರಾಸರಿಯನ್ನು. ಯಾವ ರೇಖೆ ಹೆಚ್ಚು ಅಲುಗಾಡುತ್ತದೋ ಅದರ ಎದುರಿನ ರೇಖೆಗೆ ಹೆಚ್ಚು ತೂಕ. ಆಘಾತಗಳ ಪ್ರಸರಣ, ಎಂದರೆ ಅವು ಎಷ್ಟು ಏರಿಳಿಯುತ್ತವೆಂಬ ಅಳತೆ, ಸಮವಾಗಿದ್ದರೆ ಉತ್ತರ +0.8, ಪೂರೈಕೆಯ ಆಘಾತಗಳ ಪ್ರಸರಣ ಒಂಬತ್ತು ಪಟ್ಟಿದ್ದರೆ −0.48. ಎರಡನೆಯದು ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ. ಚಿಹ್ನೆ ಸರಿಯಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟೇ ವರ್ಷಗಳ ಅಂಕಿಅಂಶ ಸೇರಿಸಿದರೂ ಈ ತಪ್ಪು ಕರಗದು. ಎಲ್ಮರ್ ವರ್ಕಿಂಗ್ 1927ರ ಲೇಖನದಲ್ಲಿ ಚಿತ್ರಗಳ ಸಹಿತ ವಿವರಿಸಿದ ಗುರುತಿಸುವಿಕೆಯ ಸಮಸ್ಯೆ ಇದೇ.

ಪರಿಹಾರ ಬಂದದ್ದು 1928ರಲ್ಲಿ, ಎಣ್ಣೆಗಳ ಆಮದು ಸುಂಕದ ಮೇಲೆ ರೈಟ್ ಬರೆದ ಪುಸ್ತಕದ ‘ಬಿ’ ಅನುಬಂಧದಲ್ಲಿ. ಸುಂಕದ ಹೊರೆ ಯಾರ ಮೇಲೆ ಎಷ್ಟು ಬೀಳುತ್ತದೆಂದು ಹೇಳಲು ಅವರಿಗೆ ಎರಡೂ ಸ್ಥಿತಿಸ್ಥಾಪಕತ್ವಗಳು ಬೇಕಿದ್ದವು. ಆ ಅನುಬಂಧವನ್ನು ಅವರ ಮಗ, ತಳಿವಿಜ್ಞಾನಿ ಸೀವಾಲ್ ರೈಟ್ ಬರೆದಿರಬಹುದೆಂಬ ಗುಮಾನಿ ಬಹುಕಾಲ ಇತ್ತು. 2003ರಲ್ಲಿ ಪ್ರಕಟವಾದ ಶೈಲಿಯ ವಿಶ್ಲೇಷಣೆ ತಂದೆಯ ಕಡೆಗೇ ಬೆರಳು ಮಾಡಿತು.

ಒಂದು ರೇಖೆಯನ್ನು ಮಾತ್ರ ಸರಿಸುವ, ಇನ್ನೊಂದನ್ನು ಮುಟ್ಟದ ಹೊರಗಿನ ಅಂಶವೊಂದನ್ನು ಹುಡುಕಬೇಕು ಎಂಬುದು ಅಲ್ಲಿನ ಉಪಾಯ. ಅಗಸೆ ಬೀಜಕ್ಕೆ ರೈಟ್ ಆರಿಸಿಕೊಂಡದ್ದರಲ್ಲಿ ಒಂದು ಎಕರೆವಾರು ಇಳುವರಿ. ಅದು ಮುಖ್ಯವಾಗಿ ಹವಾಮಾನದ ಕೈಯಲ್ಲಿದ್ದು ಪೂರೈಕೆಯನ್ನು ಸರಿಸುತ್ತದೆ. ನಮ್ಮ ಊಹೆಯ ಮಾರುಕಟ್ಟೆಯಲ್ಲಿ ಒಳ್ಳೆಯ ಇಳುವರಿ ಪೂರೈಕೆಯನ್ನು ಶೇ. 10ರಷ್ಟು ಹೆಚ್ಚಿಸಿತು ಎನ್ನೋಣ. ಬೆಲೆ ಶೇ. 3.125ರಷ್ಟು ಇಳಿದು, ಮಾರಾಟ ಶೇ. 2.5ರಷ್ಟು ಏರುತ್ತದೆ. ಭಾಗಿಸಿದರೆ −0.8, ಬೇಡಿಕೆಯದೇ ಸಂಖ್ಯೆ. ಪೂರೈಕೆಯ ಆಘಾತದಿಂದ ಸಿಗುವುದು ಬೇಡಿಕೆಯ ರೇಖೆ ಎಂಬುದನ್ನು ಇಲ್ಲಿ ಮರೆಯಬಾರದು. ಬದಲಿ ಸರಕಾದ ಹತ್ತಿಬೀಜದ ಬೆಲೆ ಏರಿ ಅಗಸೆಯ ಬೇಡಿಕೆ ಶೇ. 10ರಷ್ಟು ಹೆಚ್ಚಿದರೆ, ಬೆಲೆ ಶೇ. 3.125, ಪ್ರಮಾಣ ಶೇ. 7.5 ಏರುತ್ತವೆ, ಭಾಗಲಬ್ಧ 2.4, ಅದು ಪೂರೈಕೆಯದು. ಇಲ್ಲಿ ಬಳಸಿದ −0.8 ಮತ್ತು 2.4 ಅಗಸೆ ಬೀಜಕ್ಕೆ ರೈಟ್ ಕಂಡುಕೊಂಡ ಅಂದಾಜುಗಳೇ. ಪೂರೈಕೆಗೆ ಅವರು ಇಂಥ ಆರು ಅಂದಾಜುಗಳ ಸರಾಸರಿ ತೆಗೆದಿದ್ದರು.

ಈ ಅನುಬಂಧವನ್ನು ಆಗ ಗಮನಿಸಿದವರು ವಿರಳ. 1940ರ ದಶಕದಲ್ಲಿ ನಾರ್ವೆಯ ಅರ್ಥಶಾಸ್ತ್ರಜ್ಞ ಹಾವೆಲ್ಮೊ ಮತ್ತು ಅಮೆರಿಕದ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯಾದ ಕೌಲ್ಸ್ ಆಯೋಗದ ಸಂಶೋಧಕರು ಏಕಕಾಲಿಕ ಸಮೀಕರಣಗಳ ಸಿದ್ಧಾಂತವನ್ನು ಬೇರೆ ದಾರಿಯಿಂದ ಕಟ್ಟಿದರು. ಎರಡು ಸಮೀಕರಣಗಳ ವ್ಯವಸ್ಥೆಯಲ್ಲಿ ಬೇಡಿಕೆಯನ್ನು ಗುರುತಿಸಬೇಕಾದರೆ ಅದರಲ್ಲಿ ಇಲ್ಲದ, ಪೂರೈಕೆಯಲ್ಲಿ ಮಾತ್ರ ಇರುವ ಕನಿಷ್ಠ ಒಂದು ಚರ ಬೇಕು ಎಂಬ ನಿಯಮ ಅಲ್ಲಿ ಖಚಿತ ರೂಪ ಪಡೆಯಿತು. ಹೀಗೆ ಬಳಸುವ ಚರಕ್ಕೆ ‘ಸಾಧನ ಚರ’ ಎನ್ನುತ್ತಾರೆ.

ಸಾಧನ ಚರ ದುರ್ಬಲವಾಗಿದ್ದರೆ ಬೇಗ ತಿಳಿಯುತ್ತದೆ. ಇಳುವರಿ ಬದಲಾದರೂ ಬೆಲೆ ಕದಲದಿದ್ದರೆ ಛೇದ ಸೊನ್ನೆಯ ಸಮೀಪಕ್ಕೆ ಬಂದು, ಭಾಗಲಬ್ಧ ಎತ್ತೆತ್ತಲೋ ಜಿಗಿಯುತ್ತದೆ. ಇನ್ನೊಂದು ರೇಖೆಯನ್ನೂ ಮುಟ್ಟುವ ಚರ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಹತ್ತಿಬೀಜದ ಬೆಲೆಯನ್ನೇ ನೋಡಿ: ಅವು ಬದಲಿ ಸರಕುಗಳಾದರೆ, ಅಗಸೆಯ ಬೆಳೆ ಕೈಕೊಟ್ಟಾಗ ಜನ ಹತ್ತಿಬೀಜದತ್ತ ತಿರುಗಿ ಅದರ ಬೆಲೆಯೂ ಏರಬಹುದು. ಆಗ ಅದು ಅಗಸೆಯ ಪೂರೈಕೆಯ ಆಘಾತವನ್ನೇ ಹೊತ್ತು ತರುತ್ತದೆ, 2.4ರ ಅಂದಾಜು ಕೆಳಗೆ ಜಾರುತ್ತದೆ. ಹಲವು ಸಾಧನ ಚರಗಳಿದ್ದು ಅವು ಕೊಡುವ ಉತ್ತರಗಳು ದೂರದೂರವಿದ್ದರೆ, ಯಾವುದೋ ಒಂದು ಹಾದಿ ತಪ್ಪಿದೆ ಎಂದು ಅನುಮಾನಿಸಬಹುದು. ಎಲ್ಲವೂ ಒಂದೇ ದಿಕ್ಕಿನಲ್ಲಿ ತಪ್ಪಿದ್ದರೆ ಆ ಪರೀಕ್ಷೆಯೂ ಸುಮ್ಮನಿರುತ್ತದೆ. ಆಗ ಉಳಿಯುವುದು ಬೀಜ ಎಲ್ಲಿ ಬೆಳೆಯುತ್ತದೆ, ಯಾರು ಕೊಳ್ಳುತ್ತಾರೆ, ಎಣ್ಣೆ ಯಾವುದಕ್ಕೆ ಹೋಗುತ್ತದೆ ಎಂಬ ಆ ಮಾರುಕಟ್ಟೆಯ ತಿಳಿವಳಿಕೆಯೊಂದೇ.